ಅಗ್ಗದ ರೇಷ್ಮೆಯ ನಿಜವಾದ ಬೆಲೆ: ಡಂಪಿಂಗ್ ಎಂದರೇನು, ಆಮದು ದೇಶಗಳು ಅದನ್ನೇಕೆ ವಿರೋಧಿಸುತ್ತವೆ?

ದಿನಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಕಾಣಿಸಿಕೊಳ್ಳುತ್ತದೆ: ‘ಚೀನಾದ ಇಂಥ ಸರಕಿನ ಮೇಲೆ ಸುರಿ ವಿರೋಧಿ ಸುಂಕ’. ಉಕ್ಕು, ಗಾಜು, ಔಷಧದ ಕಚ್ಚಾವಸ್ತು, ಟೈರು ಹೀಗೆ ಸರಕಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಓದಿದವರಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಪರದೇಶದವನು ನಮಗೆ ಅಗ್ಗವಾಗಿ ಮಾರುತ್ತೇನೆಂದರೆ ಲಾಭ ನಮ್ಮದೇ ಅಲ್ಲವೇ? ನಷ್ಟ ಮಾಡಿಕೊಂಡು ಮಾರುವವನು ಅವನು. ಅದಕ್ಕೆ ಅಡ್ಡಿಪಡಿಸುವವರು ನಾವೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕಳೆದ ಎರಡು ದಶಕಗಳಲ್ಲಿ ಚೀನಾದ ಕಚ್ಚಾ ರೇಷ್ಮೆ ಭಾರತಕ್ಕೆ ಬಂದ ಕಥೆಯಲ್ಲಿ ಡಂಪಿಂಗ್ ವಿಷಯದ ಎಲ್ಲ ಮುಖಗಳೂ ಅಡಕವಾಗಿವೆ. ಒಂದು ಕಡೆ ರಾಮನಗರ, ಶಿಡ್ಲಘಟ್ಟಗಳ ಗೂಡು ಬೆಳೆಗಾರರು ಮತ್ತು ನೂಲು ತೆಗೆಯುವ ರೀಲರುಗಳು; ಇನ್ನೊಂದು ಕಡೆ ಧರ್ಮಾವರಂ, ಕಾಂಚೀಪುರ, ವಾರಾಣಸಿಗಳ ನೇಕಾರರು. ಕೊಂಡಾಪುರದ ನಮ್ಮ ಮನೆಗಳ ಬೀರುಗಳಲ್ಲಿರುವ ಧರ್ಮಾವರಂ ಮತ್ತು ಪೋಚಂಪಲ್ಲಿ ಸೀರೆಗಳೂ ಈ ಕಥೆಯಿಂದ ಹೊರಗಿಲ್ಲ.

ಅಗ್ಗವೆಲ್ಲವೂ ಡಂಪಿಂಗ್ ಅಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಅಗ್ಗದ ಬೆಲೆಯೊಂದೇ ಡಂಪಿಂಗ್ ಆಗುವುದಿಲ್ಲ. ಚೀನಾದ ಕಾರ್ಖಾನೆ ಉತ್ತಮ ಯಂತ್ರಗಳಿಂದ, ಉತ್ತಮ ತಳಿಯ ಗೂಡಿನಿಂದ ಕಡಿಮೆ ಖರ್ಚಿನಲ್ಲಿ ನೂಲು ತೆಗೆದು, ತನ್ನ ದೇಶದಲ್ಲೂ ಹೊರದೇಶದಲ್ಲೂ ಒಂದೇ ದರಕ್ಕೆ ಮಾರಿದರೆ ಅದು ನ್ಯಾಯವಾದ ಸ್ಪರ್ಧೆ. ಅದರಿಂದ ನಮ್ಮವರಿಗೆ ಕಷ್ಟವಾಗಬಹುದು, ಆದರೆ ದೂರು ಕೊಡಲು ಆಧಾರವಿಲ್ಲ.

ಸ್ವದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆ ಬೆಲೆಗೆ ಅದೇ ಸರಕನ್ನು ಪರದೇಶಕ್ಕೆ ಮಾರಿದಾಗ ಅದು ಡಂಪಿಂಗ್ ಆಗುತ್ತದೆ. ಸ್ವದೇಶದ ಬೆಲೆಯನ್ನು ಕಾನೂನಿನ ಭಾಷೆಯಲ್ಲಿ ‘ಸಾಮಾನ್ಯ ಮೌಲ್ಯ’ ಎನ್ನುತ್ತಾರೆ. ಉತ್ಪಾದನಾ ವೆಚ್ಚದ ಮಾತು ಇಲ್ಲಿ ಎರಡನೆಯ ಹಂತದಲ್ಲಿ ಬರುತ್ತದೆ. ತಯಾರಕನು ತನ್ನ ದೇಶದಲ್ಲೂ ವೆಚ್ಚಕ್ಕಿಂತ ಕಡಿಮೆಗೆ ಮಾರುತ್ತಿದ್ದರೆ ಆ ಬೆಲೆಯನ್ನು ನಂಬುವಂತಿಲ್ಲ. ಆಗ ಕಚ್ಚಾವಸ್ತು, ಕೂಲಿ, ಆಡಳಿತ ಖರ್ಚುಗಳಿಗೆ ಒಂದು ಸಾಧಾರಣ ಲಾಭವನ್ನು ಸೇರಿಸಿ ಸಾಮಾನ್ಯ ಮೌಲ್ಯವನ್ನು ಲೆಕ್ಕಹಾಕಿ ಕಟ್ಟಬೇಕಾಗುತ್ತದೆ.

ಚೀನಾದ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಆ ದೇಶವು 2001ರ ಡಿಸೆಂಬರಿನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದಾಗ, ಅಲ್ಲಿನ ಬೆಲೆಗಳನ್ನು ಮಾರುಕಟ್ಟೆಗಿಂತ ಸರ್ಕಾರವೇ ಹೆಚ್ಚು ನಿರ್ಧರಿಸುತ್ತದೆ ಎಂಬ ಕಾರಣದಿಂದ ಚೀನಾದ ಒಳಬೆಲೆಯನ್ನು ಬದಿಗಿಟ್ಟು ಬೇರೆ ಆಧಾರದಿಂದ ಸಾಮಾನ್ಯ ಮೌಲ್ಯವನ್ನು ಕಂಡುಕೊಳ್ಳಲು ಇತರ ದೇಶಗಳಿಗೆ ಅವಕಾಶ ಕಲ್ಪಿಸಲಾಗಿತ್ತು.

ನಷ್ಟದಲ್ಲೂ ಮಾರುವುದೇಕೆ?

ವ್ಯಾಪಾರಿಯೊಬ್ಬನು ಬೇಕೆಂದೇ ಕಡಿಮೆ ಬೆಲೆಗೆ ಮಾರುವುದು ವಿಚಿತ್ರವೆನಿಸಬಹುದು, ಆದರೆ ಅದರ ಹಿಂದೆ ಲೆಕ್ಕಾಚಾರವಿದೆ. ಕಾರ್ಖಾನೆ ಕಟ್ಟಿ, ಯಂತ್ರ ತಂದು, ನೌಕರರನ್ನು ನೇಮಿಸಿಕೊಂಡ ಮೇಲೆ ಆ ಖರ್ಚು ನೂಲು ತೆಗೆದರೂ ಇದ್ದದ್ದೇ, ತೆಗೆಯದಿದ್ದರೂ ಇದ್ದದ್ದೇ. ತನ್ನ ದೇಶದ ಬೇಡಿಕೆಗಿಂತ ಹೆಚ್ಚು ಸರಕು ತಯಾರಾದಾಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಹೆಚ್ಚುವರಿ ಸರಕನ್ನು ಊರಿನಲ್ಲೇ ಮಾರಿದರೆ ಇಡೀ ಮಾರುಕಟ್ಟೆಯ ದರ ಕುಸಿಯುತ್ತದೆ. ಹೊರದೇಶಕ್ಕೆ ಕಳಿಸಿದರೆ ಒಳಗಿನ ದರ ಹಾಗೆಯೇ ಉಳಿಯುತ್ತದೆ; ಹೊರಗಿನಿಂದ ಬರುವ ಹಣ ಗೂಡು ಮತ್ತು ಕೂಲಿಯ ಖರ್ಚನ್ನಾದರೂ ತುಂಬಿ ಸ್ವಲ್ಪ ಉಳಿಸಿದರೆ ಅದೂ ಲಾಭವೇ.

ಆದರೆ ಈ ಉಪಾಯ ಫಲಿಸಲು ಒಂದು ಷರತ್ತಿದೆ. ಹೊರಗೆ ಅಗ್ಗವಾಗಿ ಮಾರಿದ ಸರಕು ತಿರುಗಿ ಒಳಗೆ ಬರಬಾರದು. ಸಾಗಣೆ ವೆಚ್ಚ, ಆ ದೇಶದ ಸುಂಕ ಅಥವಾ ಸರ್ಕಾರದ ನಿಯಂತ್ರಣ ಇದನ್ನು ತಡೆಯುತ್ತದೆ. ಅಂದರೆ ಡಂಪಿಂಗ್ ನಡೆಯುವುದು ಒಂದು ಬದಿ ಮುಚ್ಚಿದ, ಇನ್ನೊಂದು ಬದಿ ತೆರೆದ ಮಾರುಕಟ್ಟೆಗಳ ನಡುವೆ. ಆಮದು ದೇಶದ ಮೊದಲ ಆಕ್ಷೇಪಣೆ ಇದೇ: ಅವನ ಅಂಗಳದ ಬಾಗಿಲು ಹಾಕಿದೆ, ನಮ್ಮದು ತೆರೆದಿದೆ, ಅವನ ಹೆಚ್ಚುವರಿಯ ಹೊರೆಯನ್ನು ನಮ್ಮ ಉತ್ಪಾದಕರು ಹೊರಬೇಕಾಗಿದೆ.

2001ರ ನಂತರ ರೇಷ್ಮೆಗೆ ಆದದ್ದು

ಭಾರತದ ನೇಕಾರಿಕೆಗೆ ಬೇಕಾಗುವಷ್ಟು ಕಚ್ಚಾ ರೇಷ್ಮೆ ನಮ್ಮಲ್ಲಿ ತಯಾರಾಗುತ್ತಿರಲಿಲ್ಲ. ಗುಣಮಟ್ಟದಲ್ಲೂ ವ್ಯತ್ಯಾಸವಿತ್ತು. ಕರ್ನಾಟಕದಲ್ಲಿ ಬಹುಪಾಲು ಬೆಳೆಯುತ್ತಿದ್ದುದು ಮಿಶ್ರತಳಿ ಗೂಡು. ಅದನ್ನು ಚರಕದಲ್ಲಿ ಅಥವಾ ಸಣ್ಣ ಬೇಸಿನ್ ಘಟಕಗಳಲ್ಲಿ ಬಿಚ್ಚಿ ತೆಗೆದ ನೂಲು ಹೊಕ್ಕಿಗೆ ಒಪ್ಪುತ್ತಿತ್ತು. ಬಿಗಿಯಾಗಿ ಎಳೆದು ಕಟ್ಟುವ ಹಾಸಿಗೆ, ಅದರಲ್ಲೂ ವಿದ್ಯುತ್ ಮಗ್ಗದ ಹಾಸಿಗೆ, ಎಳೆ ಒಂದೇ ಸಮನಾಗಿ ಇರಬೇಕು ಮತ್ತು ತುಂಡಾಗಬಾರದು. ಚೀನಾದ ದ್ವಿತಳಿ ಗೂಡಿನಿಂದ ಸ್ವಯಂಚಾಲಿತ ಯಂತ್ರಗಳಲ್ಲಿ ತೆಗೆದ ನೂಲಿಗೆ ಆ ಗುಣವಿತ್ತು. ಆದುದರಿಂದ ಆಮದು ಅಗತ್ಯವೇ ಆಗಿತ್ತು.

ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳನ್ನು ಭಾರತವು 2001ರ ಏಪ್ರಿಲ್ ವೇಳೆಗೆ ತೆಗೆದುಹಾಕಿತು. ಅದರ ನಂತರ ಚೀನಾದ ಕಚ್ಚಾ ರೇಷ್ಮೆಯ ಆಮದು ಶೀಘ್ರವಾಗಿ ಏರಿ, 2002-03ರ ಹೊತ್ತಿಗೆ ವರ್ಷಕ್ಕೆ ಸುಮಾರು 9 ಸಾವಿರ ಟನ್ನಿನ ಮಟ್ಟ ಮುಟ್ಟಿತು. ಬಂದದ್ದು ಹಾಸಿಗೆ ಬೇಕಾದ ಮೇಲ್ದರ್ಜೆಯ ನೂಲು ಮಾತ್ರವಾಗಿದ್ದರೆ ವಿವಾದ ಇಷ್ಟು ಬೆಳೆಯುತ್ತಿರಲಿಲ್ಲ. ನಮ್ಮ ರೀಲರುಗಳ ನೂಲಿಗೆ ನೇರ ಪ್ರತಿಸ್ಪರ್ಧಿಯಾದ ಕೆಳದರ್ಜೆಯ ನೂಲೂ ನಮ್ಮ ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಬರತೊಡಗಿತು.

ಇದರ ಪರಿಣಾಮ ಮೂರು ಮೆಟ್ಟಿಲು ಇಳಿದು ರೈತನನ್ನು ಮುಟ್ಟಿತು. ನೇಕಾರನು ಚೀನಾದ ನೂಲಿನ ದರವನ್ನು ತೋರಿಸಿ ರೀಲರನ ದರವನ್ನು ಇಳಿಸಿದನು. ರೀಲರನು ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಕೂಗನ್ನು ಇಳಿಸಿದನು. ಗೂಡು ಬಹುಕಾಲ ಇಟ್ಟುಕೊಳ್ಳುವ ಸರಕಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಹಾಗಾಗಿ ರೈತನು ಆ ದಿನ ಸಿಕ್ಕ ಬೆಲೆಗೆ ಮಾರಿ ಮನೆಗೆ ಹೋಗಲೇಬೇಕು. ಒಂದು ಕಿಲೋ ನೂಲಿಗೆ ಮಿಶ್ರತಳಿಯ ಗೂಡು ಎಂಟು ಕಿಲೋದಷ್ಟು ಬೇಕು. ನೂಲಿನ ದರದಲ್ಲಿ ಕಿಲೋಗೆ ಎಂಬತ್ತು ರೂಪಾಯಿ ಇಳಿದರೆ ಗೂಡಿನ ದರದಲ್ಲಿ ಹತ್ತು ರೂಪಾಯಿ ಇಳಿದಂತೆ.

ಹಿಪ್ಪುನೇರಳೆ ತೋಟ ರಾಗಿಯಂತೆ ವರ್ಷದ ಬೆಳೆಯಲ್ಲ. ಒಮ್ಮೆ ನೆಟ್ಟರೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸೊಪ್ಪು ಕೊಡುತ್ತದೆ. ಎರಡು ವರ್ಷ ನಷ್ಟವಾಯಿತೆಂದು ರೈತನು ಅದನ್ನು ಕಿತ್ತುಹಾಕಿದರೆ, ಬೆಲೆ ಚೇತರಿಸಿಕೊಂಡ ಮರುದಿನ ಅದು ಮತ್ತೆ ಚಿಗುರುವುದಿಲ್ಲ. ಹುಳು ಸಾಕುವ ಮನೆ, ತಟ್ಟೆ, ಚಂದ್ರಿಕೆ, ಅದಕ್ಕೆ ಪಡೆದ ಬ್ಯಾಂಕ್ ಸಾಲ, ಮನೆಮಂದಿಯ ಕೈಗೆ ಹತ್ತಿದ ಕೆಲಸ ಎಲ್ಲವೂ ಒಟ್ಟಿಗೆ ಕಳಚಿಹೋಗುತ್ತವೆ. ಆಮದು ದೇಶದ ಎರಡನೆಯ, ಹೆಚ್ಚು ತೂಕದ ಆಕ್ಷೇಪಣೆ ಇದು. ಡಂಪಿಂಗ್ ದರ ತಾತ್ಕಾಲಿಕ, ಅದರಿಂದಾಗುವ ಹಾನಿ ಶಾಶ್ವತ. ಜಗತ್ತಿನ ರೇಷ್ಮೆಯ ಬಹುಭಾಗ ಒಂದೇ ದೇಶದಲ್ಲಿ ತಯಾರಾಗುವಾಗ, ನಮ್ಮ ತೋಟಗಳು ಹೋದ ಮೇಲೆ ಆ ದೇಶ ಹೇಳಿದ್ದೇ ಬೆಲೆ.

ದೂರಿನಿಂದ ಸುಂಕದವರೆಗೆ

ಅನ್ಯಾಯವಾಗಿದೆ ಎಂದು ಕೂಗಿದ ಮಾತ್ರಕ್ಕೆ ಸುಂಕ ಹಾಕಲಾಗದು. 1995ರಲ್ಲಿ ಜಾರಿಗೆ ಬಂದ ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದ ಮತ್ತು ನಮ್ಮ 1975ರ ಸೀಮಾಸುಂಕ ದರ ಕಾಯ್ದೆಯ ಪ್ರಕಾರ ಮೂರು ಸಂಗತಿಗಳು ಸಾಬೀತಾಗಬೇಕು: ಡಂಪಿಂಗ್ ನಡೆದಿದೆ, ದೇಶೀಯ ಉದ್ಯಮಕ್ಕೆ ಗಣನೀಯ ಹಾನಿಯಾಗಿದೆ, ಮತ್ತು ಆ ಹಾನಿಗೆ ಕಾರಣ ಆ ಡಂಪಿಂಗೇ ಹೊರತು ಬರ, ರೋಗ, ಬೇಡಿಕೆಯ ಕುಸಿತ ಮುಂತಾದ ಬೇರೆಯವಲ್ಲ. ತನಿಖೆ ನಡೆಸುವ ಹೊಣೆ ವಾಣಿಜ್ಯ ಸಚಿವಾಲಯದ ಮಹಾನಿರ್ದೇಶನಾಲಯದ್ದು. 2018ರಿಂದ ಅದರ ಹೆಸರು ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಅದು ಶಿಫಾರಸು ಮಾಡುತ್ತದೆ, ಸುಂಕ ವಿಧಿಸುವುದು ಹಣಕಾಸು ಸಚಿವಾಲಯ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಚೀನಾದ ಒಂದು ಕಾರ್ಖಾನೆಯ ಬಾಗಿಲಲ್ಲಿ ಕಿಲೋ ನೂಲಿನ ಸಾಮಾನ್ಯ ಮೌಲ್ಯ 24 ಡಾಲರ್ ಎಂದಿರಲಿ. ಅದೇ ನೂಲು ನಮ್ಮ ಬಂದರಿಗೆ 20 ಡಾಲರ್ ಬೆಲೆಯಲ್ಲಿ ಬರುತ್ತದೆ. ಇದರಲ್ಲಿ ಹಡಗು ಬಾಡಿಗೆ, ವಿಮೆ, ದಲ್ಲಾಳಿ ಮುಂತಾದವುಗಳಿಗೆ 2 ಡಾಲರ್ ಕಳೆದರೆ ಕಾರ್ಖಾನೆಯ ಬಾಗಿಲಲ್ಲಿ ಉಳಿಯುವ ರಫ್ತು ಬೆಲೆ 18 ಡಾಲರ್. 24ಕ್ಕೂ 18ಕ್ಕೂ ಇರುವ 6 ಡಾಲರಿನ ಅಂತರವೇ ಡಂಪಿಂಗ್ ಪ್ರಮಾಣ. ಇದನ್ನು ರಫ್ತು ಬೆಲೆಯ ಶೇಕಡಾವಾರಿನಲ್ಲಿ ಹೇಳುವುದು ರೂಢಿ; ಇಲ್ಲಿ ಅದು ಸುಮಾರು ಶೇ. 33. ಶೇ. 2ಕ್ಕಿಂತ ಕಡಿಮೆಯಿದ್ದರೆ ಪ್ರಕರಣವನ್ನೇ ಕೈಬಿಡಬೇಕು.

ಎರಡನೆಯ ಲೆಕ್ಕ ನಮ್ಮ ಕಡೆಯದು. 20 ಡಾಲರಿನ ಸರಕಿಗೆ ಶೇ. 30ರ ಸಾಮಾನ್ಯ ಸುಂಕ 6 ಡಾಲರ್ ಸೇರಿದರೆ ನೆಲ ಮುಟ್ಟಿದ ಬೆಲೆ 26 ಡಾಲರ್. ನಮ್ಮ ರೀಲರು ನ್ಯಾಯವಾದ ಖರ್ಚು ಮತ್ತು ಸಾಧಾರಣ ಲಾಭದೊಂದಿಗೆ ಬದುಕಲು ಕಿಲೋಗೆ 28 ಡಾಲರ್ ಬೇಕೆಂದು ತನಿಖೆಯಲ್ಲಿ ಕಂಡುಬಂದರೆ, ಹಾನಿಯ ಅಂತರ 2 ಡಾಲರ್ ಮಾತ್ರ. ಡಂಪಿಂಗ್ 6 ಡಾಲರ್ ಆಗಿದ್ದರೂ ಹಾನಿ ತುಂಬಲು 2 ಡಾಲರ್ ಸಾಕು. ಭಾರತವು ಇವೆರಡರಲ್ಲಿ ಕಡಿಮೆಯಿರುವ ಮೊತ್ತವನ್ನೇ ಸುಂಕವಾಗಿ ವಿಧಿಸುತ್ತದೆ. ಡಂಪಿಂಗ್ ವಿರೋಧಿ ಸುಂಕ ದಂಡವಲ್ಲ, ಹಾನಿಯನ್ನು ಸರಿದೂಗಿಸುವ ತೂಕದ ಕಲ್ಲು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದು ನಿಷೇಧವೂ ಅಲ್ಲ. ಸುಂಕ ಕಟ್ಟಿ ಎಷ್ಟು ಬೇಕಾದರೂ ತರಿಸಿಕೊಳ್ಳಬಹುದು.

ಸುಂಕದ ರೂಪ ಮತ್ತು ನುಸುಳುವ ದಾರಿಗಳು

2003ರಲ್ಲಿ ಚೀನಾದ, ಹುರಿ ಹಾಕದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಸುಂಕ ಜಾರಿಗೆ ಬಂತು. ಅದು 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಹಾಸಿಗೆ ಬೇಕಾದ 3ಎ, 4ಎ ದರ್ಜೆಯ ನೂಲನ್ನು ನೇಕಾರರಿಗೆಂದು ಮುಕ್ತವಾಗಿ ಬಿಟ್ಟಂತಾಯಿತು. ಸುಂಕದ ರೂಪವೂ ವಿಶಿಷ್ಟವಾಗಿತ್ತು: ಕಿಲೋಗೆ ಸುಮಾರು 28 ಡಾಲರಿನ ಒಂದು ಆಧಾರ ಬೆಲೆಯನ್ನು ಗೊತ್ತುಪಡಿಸಿ, ನೆಲ ಮುಟ್ಟಿದ ಬೆಲೆ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಸುಂಕವಾಗಿ ವಸೂಲು ಮಾಡುವುದು.

ಮೇಲಿನ ಉದಾಹರಣೆಯಲ್ಲೇ ಇದನ್ನು ಪರೀಕ್ಷಿಸಬಹುದು. ಸರಕಿನ ಬೆಲೆ 20 ಡಾಲರ್ ಆದರೆ ನೆಲ ಮುಟ್ಟಿದ ಬೆಲೆ 26, ವಿಶೇಷ ಸುಂಕ 2. ಬೆಲೆ 16 ಎಂದು ಕಡಿಮೆ ತೋರಿಸಿದರೆ ನೆಲ ಮುಟ್ಟಿದ ಬೆಲೆ 20.80, ವಿಶೇಷ ಸುಂಕ 7.20. ಎರಡರಲ್ಲೂ ಮೊತ್ತ 28ಕ್ಕೇ ಬಂದು ನಿಲ್ಲುತ್ತದೆ. ಹೀಗಾಗಿ ಇನ್‌ವಾಯ್ಸಿನಲ್ಲಿ ಬೆಲೆ ಇಳಿಸಿ ಬರೆಯುವ ಹಳೆಯ ಚಾಳಿ ಇಲ್ಲಿ ಫಲ ಕೊಡುವುದಿಲ್ಲ.

ಆದರೆ ತಿರುವುಮುರುವು ಚಾಳಿಗೆ ಅವಕಾಶವಿದೆ. ಅಸಲು 20 ಡಾಲರಿನ ಸರಕಿಗೆ 22 ಡಾಲರ್ ಎಂದು ಏರಿಸಿ ಬರೆದರೆ ಶೇ. 30ರ ಸುಂಕ 6.60 ಆಗಿ ನೆಲ ಮುಟ್ಟಿದ ಬೆಲೆ 28.60 ಆಗುತ್ತದೆ, ವಿಶೇಷ ಸುಂಕ ಸೊನ್ನೆ. ಹೆಚ್ಚಾಗಿ ಕಳಿಸಿದ 2 ಡಾಲರ್ ಗುಟ್ಟಾಗಿ ಹಿಂದಿರುಗಿದರೆ ಆಮದುದಾರನಿಗೆ ಬಿದ್ದ ನಿಜವಾದ ಬೆಲೆ 26.60. ಪ್ರಾಮಾಣಿಕನಿಗೆ 28. ಲೆಟರ್ ಆಫ್ ಕ್ರೆಡಿಟ್ ಕಾಗದಗಳನ್ನು ಪರಿಶೀಲಿಸುವ ನಮ್ಮಂಥ ಬ್ಯಾಂಕ್ ನೌಕರರಿಗೆ ಇನ್‌ವಾಯ್ಸ್, ಹಡಗಿನ ರಸೀದಿ, ವಿಮೆ ಪತ್ರ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಕಾಣುತ್ತವೆ. ಅದೇ ತಿಂಗಳು ಅದೇ ದರ್ಜೆಯ ನೂಲು ಬೇರೆಯವರಿಗೆ ಎಷ್ಟಕ್ಕೆ ಬಂದಿದೆ ಎಂದು ಹೋಲಿಸಿದಾಗಲೇ ಅನುಮಾನ ಹುಟ್ಟುವುದು.

ಎರಡನೆಯ ದಾರಿ ದರ್ಜೆಯನ್ನು ಬದಲಿಸಿ ಹೇಳುವುದು. 2ಎ ನೂಲನ್ನು 3ಎ ಎಂದು ಘೋಷಿಸಿದರೆ ಸುಂಕವಿಲ್ಲ. ಕಣ್ಣಿಗೆ ಎರಡೂ ಒಂದೇ ಬಿಳುಪಿನ ಲಡಿಗಳು. ನಿಜ ತಿಳಿಯಬೇಕಾದರೆ ನೂಲನ್ನು ಕಪ್ಪು ಹಲಗೆಯ ಮೇಲೆ ಒತ್ತೊತ್ತಾಗಿ ಸುತ್ತಿ, ನಿಗದಿಯಾದ ಬೆಳಕಿನಲ್ಲಿ ಎಳೆಯ ದಪ್ಪದ ಏರುಪೇರು, ಗಂಟು, ಕುಚ್ಚುಗಳನ್ನು ಪ್ರಮಾಣಚಿತ್ರಗಳೊಂದಿಗೆ ಹೋಲಿಸಿ ಅಂಕ ಕೊಡಬೇಕು. ಇದು ಪ್ರಯೋಗಾಲಯದ ಕೆಲಸ. ಪ್ರತಿಯೊಂದು ಮೂಟೆಗೂ ಮಾಡುವುದು ಸುಲಭವಲ್ಲ.

ಮೂರನೆಯದು ಸರಕಿನ ರೂಪವನ್ನೇ ಬದಲಿಸುವುದು. ನೂಲಿಗೆ ಸುಂಕ ಬಂದರೆ ಬಟ್ಟೆಯಾಗಿ ತರಬಹುದು. ಚೀನಾದ ರೇಷ್ಮೆ ಬಟ್ಟೆಯ ಮೇಲೂ ಭಾರತವು 2006ರಲ್ಲಿ ಡಂಪಿಂಗ್ ವಿರೋಧಿ ಸುಂಕ ವಿಧಿಸಬೇಕಾಗಿ ಬಂತು. ಈ ಬಾರಿ ರಕ್ಷಣೆ ಬೇಡಿದ್ದು ನೇಕಾರಿಕೆಯ ಉದ್ಯಮ. ನೂಲು ಅಗ್ಗವಾಗಿ ಬರಲಿ ಎಂದವರಿಗೆ ಬಟ್ಟೆ ಅಗ್ಗವಾಗಿ ಬಂದಾಗ ರೀಲರನ ಸಂಕಟ ಅರ್ಥವಾಗಿರಬೇಕು.

ಕಾಲ ಸರಿದಂತೆ

ಡಂಪಿಂಗ್ ವಿರೋಧಿ ಸುಂಕದ ಆಯುಷ್ಯ ಐದು ವರ್ಷ. ಅವಧಿ ಮುಗಿಯುವ ಮೊದಲು ಮರುಪರಿಶೀಲನೆ ನಡೆಸಿ, ಸುಂಕ ತೆಗೆದರೆ ಹಾನಿ ಮರುಕಳಿಸೀತೆಂದು ಕಂಡುಬಂದರೆ ಮಾತ್ರ ಮುಂದುವರಿಸಬಹುದು. ರೇಷ್ಮೆಯ ಸುಂಕ ಹೀಗೆ ಮುಂದುವರಿದು, ಆಧಾರ ಬೆಲೆಯೂ ಕಿಲೋಗೆ 37 ಡಾಲರಿನ ಮೇಲಕ್ಕೆ ಏರಿ, 2014ರ ಆರಂಭದವರೆಗೆ ಜಾರಿಯಲ್ಲಿತ್ತು.

ಆದರೆ ಆಧಾರ ಬೆಲೆಗೆ ಒಂದು ಮಿತಿಯಿದೆ. 2010ರ ಸುಮಾರಿಗೆ ಚೀನಾದಲ್ಲೇ ರೇಷ್ಮೆಯ ದರ ಬಹಳ ಏರಿ ಆಧಾರ ಬೆಲೆಯನ್ನು ದಾಟಿತು. ಕಾಗದದ ಮೇಲೆ ಸುಂಕವಿದ್ದರೂ ವಸೂಲಾಗುವ ಮೊತ್ತ ಸೊನ್ನೆ. ಆ ಹೊತ್ತಿನಲ್ಲಿ ದೇಶೀಯ ಗೂಡಿಗೆ ಆಸರೆಯಾಗಿದ್ದುದು ಶೇ. 30ರ ಸಾಮಾನ್ಯ ಸುಂಕ. ನೂಲು ದುಬಾರಿಯಾಯಿತೆಂದು ನೇಕಾರರು ಮೊರೆಯಿಟ್ಟ ಹಿನ್ನೆಲೆಯಲ್ಲಿ 2011ರ ಕೇಂದ್ರ ಬಜೆಟ್ಟಿನಲ್ಲಿ ಅದನ್ನು ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರಾಮನಗರದಲ್ಲಿ ರೈತರು ರಸ್ತೆಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು.

ಮುಂದಿನ ಪ್ರಕರಣದಲ್ಲಿ ಹಳೆಯ ಅನುಭವದ ಗುರುತು ಕಾಣುತ್ತದೆ. 2016ರ ಜನವರಿಯಲ್ಲಿ ವಿಧಿಸಿದ ಹೊಸ ಸುಂಕವು 3ಎ ಮತ್ತು ಅದಕ್ಕಿಂತ ಮೇಲಿನ ದರ್ಜೆಗೆ ಅನ್ವಯವಾಯಿತು. ಕರ್ನಾಟಕದಲ್ಲಿ ದ್ವಿತಳಿ ಗೂಡು ಮತ್ತು ಉತ್ತಮ ನೂಲಿನ ಉತ್ಪಾದನೆ ಬೆಳೆದಿದ್ದರಿಂದ ಈಗ ಮೇಲ್ದರ್ಜೆಯಲ್ಲೂ ನಮ್ಮವರು ಸ್ಪರ್ಧಿಗಳಾಗಿದ್ದರು. ಆಧಾರ ಬೆಲೆಯ ಬದಲು ಕಿಲೋಗೆ 1.85 ಡಾಲರ್ ಎಂಬ ನಿಶ್ಚಿತ ಮೊತ್ತ ಗೊತ್ತುಪಡಿಸಲಾಯಿತು. ಇನ್‌ವಾಯ್ಸಿನಲ್ಲಿ ಬೆಲೆ ಏರಿಸಿ ಬರೆದರೂ ಇಳಿಸಿ ಬರೆದರೂ ಈ ಮೊತ್ತ ತಪ್ಪುವುದಿಲ್ಲ. ಅದರ ದೌರ್ಬಲ್ಯವೆಂದರೆ ದರ ತೀರ ಕುಸಿದಾಗ 1.85 ಡಾಲರ್ ಸಾಲದು. ಐದು ವರ್ಷಗಳ ಈ ಸುಂಕದ ಅವಧಿ 2021ರ ಆರಂಭಕ್ಕೆ ತುಂಬುವುದಿತ್ತು. ಅದೇ ಸಮಯದ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸಾಮಾನ್ಯ ಸುಂಕವನ್ನು ಶೇ. 10ರಿಂದ 15ಕ್ಕೆ ಏರಿಸಲಾಯಿತು.

ಯಾರ ಪರ?

ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತರಲ್ಲಿ ಕನ್ನಡ ಮನೆಮಾತಿನವರಿದ್ದಾರೆ. ಅಲ್ಲಿಂದ ಕೆಲವು ಗಂಟೆಗಳ ದಾರಿಯಲ್ಲಿ ಧರ್ಮಾವರಂ ನೇಕಾರರ ಮಗ್ಗಗಳಿವೆ. ಒಂದೇ ಸೀಮೆಯಲ್ಲಿ ಒಬ್ಬನಿಗೆ ಸುಂಕವೇ ಊಟ, ಇನ್ನೊಬ್ಬನಿಗೆ ಸುಂಕವೇ ಹೊರೆ. ಆಮದು ದೇಶ ಡಂಪಿಂಗನ್ನು ಆಕ್ಷೇಪಿಸುವಾಗ ಇಡೀ ದೇಶ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಕಾನೂನು ತನಿಖೆಯಲ್ಲಿ ಆಮದುದಾರರ ಮತ್ತು ಬಳಕೆದಾರ ಉದ್ಯಮಗಳ ಹೇಳಿಕೆಯನ್ನೂ ಪಡೆಯಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ.

ಪತ್ರಿಕೆಯಲ್ಲಿ ಸುರಿ ವಿರೋಧಿ ಸುಂಕದ ಸುದ್ದಿ ಕಂಡಾಗ ನಾಲ್ಕು ವಿವರಗಳನ್ನು ಗಮನಿಸಿದರೆ ಅದರ ಒಳಗು ತಿಳಿಯುತ್ತದೆ. ಸುಂಕ ಯಾವ ದರ್ಜೆಯ ಸರಕಿಗೆ? ಅದು ಆಧಾರ ಬೆಲೆಯ ರೂಪದ್ದೋ, ನಿಶ್ಚಿತ ಮೊತ್ತವೋ? ಎಷ್ಟು ವರ್ಷಕ್ಕೆ? ಆ ಸರಕನ್ನು ಕಚ್ಚಾವಸ್ತುವಾಗಿ ಬಳಸುವವರು ಯಾರು? ಮೊದಲ ಮೂರರಿಂದ ಉತ್ಪಾದಕನಿಗೆ ಸಿಕ್ಕ ರಕ್ಷಣೆ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ನಾಲ್ಕನೆಯದರಿಂದ ಆ ರಕ್ಷಣೆಯ ಬೆಲೆಯನ್ನು ತೆರುವವರು ಯಾರೆಂಬುದು ಗೊತ್ತಾಗುತ್ತದೆ.